ಮುಟ್ಟಿಗೆ ಮುಂಚೆ ವಾಚ್‌ನಲ್ಲಿ ನಾಡಿ ಬಡಿತ ಏರುವುದೇಕೆ? ಯಾವ ಏರಿಕೆ ಸಹಜ, ಯಾವುದು ಅಲ್ಲ?

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತ್ತು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತಿದ್ದರು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ಸಮಿತಿಯ ವರದಿ ಹೇಳಿತು. ಆದರೆ ಒಮ್ಮೆ ಹುಟ್ಟಿದ ಭಯ ಅಷ್ಟು ಬೇಗ ಹೋಗುವುದಿಲ್ಲ. ಕೈಯಲ್ಲಿ ಸ್ಮಾರ್ಟ್ ವಾಚ್ ಇದ್ದವರು ದಿನಕ್ಕೆ ನಾಲ್ಕು ಸಲ ಹೃದಯ ಬಡಿತ ನೋಡಿಕೊಳ್ಳುತ್ತಾರೆ. ಮೊನ್ನೆ 64 ಇದ್ದದ್ದು ಇವತ್ತು 68 ಆಗಿದ್ದರೆ ‘ಹೃದಯಕ್ಕೆ ಏನೋ ಆಗಿದೆ’ ಎಂದು ಗಾಬರಿಯಾಗುತ್ತಾರೆ.

ಮುಟ್ಟಾಗುವ ವಯಸ್ಸಿನ ಮಹಿಳೆಯರಲ್ಲಿ ಈ ಗಾಬರಿಗೆ ಇನ್ನೊಂದು ಕಾರಣವಿದೆ. ಅವರ ನಾಡಿ ಬಡಿತ ಪ್ರತಿ ತಿಂಗಳೂ ತಾನಾಗಿ ಸ್ವಲ್ಪ ಏರಿ, ತಾನಾಗಿ ಇಳಿಯುತ್ತದೆ. ವಾಚ್‌ಗೆ ಇದು ಕಾಣುತ್ತದೆ, ಆದರೆ ಬಹಳಷ್ಟು ವಾಚ್‌ಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ‘ಒತ್ತಡ ಹೆಚ್ಚಿದೆ’, ‘ವಿಶ್ರಾಂತಿ ಸಾಲದು’ ಎಂದು ಸಂದೇಶ ಕಳಿಸುತ್ತವೆ. ಹಾಗಾದರೆ ಯಾವ ಏರಿಕೆ ತಿಂಗಳ ಚಕ್ರದ್ದು, ಯಾವುದು ವೈದ್ಯರಿಗೆ ತೋರಿಸಬೇಕಾದದ್ದು? ಇದನ್ನು ಮನೆಯಲ್ಲೇ ಗುರುತಿಸುವ ದಾರಿಯನ್ನು ಇಲ್ಲಿ ವಿವರಿಸುತ್ತೇವೆ.

ತಿಂಗಳಲ್ಲಿ ಎರಡು ಭಾಗ

ರಕ್ತಸ್ರಾವ ಶುರುವಾದ ದಿನವನ್ನು ಮೊದಲ ದಿನ ಎಂದು ಎಣಿಸಿ. ಅಲ್ಲಿಂದ ಅಂಡಾಣು ಬಿಡುಗಡೆಯಾಗುವವರೆಗೆ ಮೊದಲ ಭಾಗ. ಅಂಡಾಣು ಬಿಡುಗಡೆಯಿಂದ ಮುಂದಿನ ಮುಟ್ಟಿನವರೆಗೆ ಎರಡನೆಯ ಭಾಗ. 28 ದಿನಗಳ ಚಕ್ರದಲ್ಲಿ ಅಂಡಾಣು ಸುಮಾರು 14ನೇ ದಿನದ ಆಸುಪಾಸಿನಲ್ಲಿ ಬಿಡುಗಡೆಯಾಗುತ್ತದೆ.

ಅಂಡಾಣು ಹೊರಬಂದ ಮೇಲೆ ಅಂಡಾಶಯದಲ್ಲಿ ಉಳಿದ ಕೋಶದ ಭಾಗವು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಹೆಚ್ಚು ಪ್ರಮಾಣದಲ್ಲಿ ತಯಾರಿಸುತ್ತದೆ. ಗರ್ಭ ನಿಂತರೆ ಬೇಕಾಗುತ್ತದೆ ಎಂದು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಈ ಹಾರ್ಮೋನು ದೇಹದ ಉಷ್ಣಾಂಶವನ್ನು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಮೇಲೆತ್ತುತ್ತದೆ. ಜ್ವರ ಬಂದಾಗ ಉಷ್ಣಾಂಶ ಒಂದು ಡಿಗ್ರಿ ಏರಿದರೆ ನಾಡಿ ನಿಮಿಷಕ್ಕೆ ಸುಮಾರು 10 ಬಡಿತ ಏರುತ್ತದೆ ಎಂಬುದು ವೈದ್ಯರ ಹಳೆಯ ಲೆಕ್ಕ. ಅರ್ಧ ಡಿಗ್ರಿಗಿಂತ ಕಡಿಮೆ ಏರಿಕೆಗೆ ಎರಡು ಮೂರು ಬಡಿತ ಹೆಚ್ಚಾದರೆ ಆಶ್ಚರ್ಯವಿಲ್ಲ.

ಕಾರಣ ಉಷ್ಣಾಂಶ ಒಂದೇ ಅಲ್ಲ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ನಾವು ವಿಶ್ರಾಂತಿಯಲ್ಲಿರುವಾಗ ಮೆದುಳಿನಿಂದ ಬರುವ ವೇಗಸ್ ನರ ಬ್ರೇಕ್ ಒತ್ತಿದಂತೆ ಅದನ್ನು 60, 70ಕ್ಕೆ ಇಳಿಸುತ್ತದೆ. ತಿಂಗಳ ಎರಡನೆಯ ಭಾಗದಲ್ಲಿ ಈ ಬ್ರೇಕ್ ಸ್ವಲ್ಪ ಸಡಿಲವಾಗುತ್ತದೆ, ಬಡಿತ ಕೊಂಚ ಏರುತ್ತದೆ. ಮುಟ್ಟು ಹತ್ತಿರವಾದಾಗ ಪ್ರೊಜೆಸ್ಟರಾನ್ ಕುಸಿಯುತ್ತದೆ. ರಕ್ತಸ್ರಾವ ಶುರುವಾದ ಎರಡು ಮೂರು ದಿನಗಳಲ್ಲಿ ಬಡಿತವೂ ಹಳೆಯ ಮಟ್ಟಕ್ಕೆ ಇಳಿಯುತ್ತದೆ.

ಎಚ್‌ಆರ್‌ವಿ ಎಂದರೇನು?

ಆ್ಯಪ್‌ನಲ್ಲಿ HRV ಎಂದು ಕಾಣುವ ಸಂಖ್ಯೆ ಬಡಿತದ ವೇಗವಲ್ಲ. ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಅಂತರ ಎಷ್ಟು ಏರುಪೇರಾಗುತ್ತದೆ ಎಂಬುದರ ಅಳತೆ ಅದು. ನಿಮಿಷಕ್ಕೆ 60 ಬಡಿತ ಎಂದರೆ ಪ್ರತಿ ಸೆಕೆಂಡಿಗೆ ಗಡಿಯಾರದಂತೆ ಒಂದೊಂದು ಬಡಿತ ಎಂದಲ್ಲ. ಒಂದು ಅಂತರ 960 ಮಿಲಿಸೆಕೆಂಡ್ ಇರಬಹುದು, ಮುಂದಿನದು 1020, ಅದರ ಮುಂದಿನದು 985. ಉಸಿರು ಎಳೆದುಕೊಂಡಾಗ ಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಈ ಏರುಪೇರು ರೋಗವಲ್ಲ. ವೇಗಸ್ ನರದ ಬ್ರೇಕ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಆದ್ದರಿಂದ ತಿಂಗಳ ಎರಡನೆಯ ಭಾಗದಲ್ಲಿ ಬ್ರೇಕ್ ಸಡಿಲವಾದಾಗ ನಾಡಿ ಬಡಿತ ಏರುತ್ತದೆ, ಎಚ್‌ಆರ್‌ವಿ ಇಳಿಯುತ್ತದೆ. ಎರಡೂ ಒಂದೇ ಕಾರಣದ ಎರಡು ಮುಖಗಳು. ವಾಚ್ ತೋರಿಸುವ ‘ಒತ್ತಡದ ಅಂಕ’ವನ್ನು ಹೆಚ್ಚಾಗಿ ಎಚ್‌ಆರ್‌ವಿಯಿಂದಲೇ ಲೆಕ್ಕ ಹಾಕಿರುತ್ತಾರೆ. ಹೀಗಾಗಿ ಮನೆಯಲ್ಲಿ, ಕೆಲಸದಲ್ಲಿ ಯಾವ ಚಿಂತೆ ಇಲ್ಲದಿದ್ದರೂ ಮುಟ್ಟಿಗೆ ಮುಂಚಿನ ವಾರ ವಾಚ್ ‘ಒತ್ತಡ’ ಎನ್ನಬಹುದು.

ವ್ಯತ್ಯಾಸ ಎಷ್ಟು? 2024ರಲ್ಲಿ ‘ಎನ್‌ಪಿಜೆ ಡಿಜಿಟಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಕೈಪಟ್ಟಿ ಧರಿಸಿದ್ದ 11 ಸಾವಿರಕ್ಕೂ ಹೆಚ್ಚು ಮಹಿಳೆಯರ ಸುಮಾರು 45 ಸಾವಿರ ಚಕ್ರಗಳನ್ನು ನೋಡಿತ್ತು. ನಾಡಿ ಬಡಿತ ಸರಾಸರಿ 5ನೇ ದಿನದ ಸುಮಾರಿಗೆ ಅತಿ ಕಡಿಮೆ, 26ನೇ ದಿನದ ಸುಮಾರಿಗೆ ಅತಿ ಹೆಚ್ಚು. ನಡುವಿನ ಅಂತರ ಸರಾಸರಿ 3 ಬಡಿತಕ್ಕಿಂತ ಸ್ವಲ್ಪ ಕಡಿಮೆ. ಎಚ್‌ಆರ್‌ವಿ ಇದಕ್ಕೆ ತಿರುಗುಮುರುಗಾಗಿ ಸುಮಾರು 5 ಮಿಲಿಸೆಕೆಂಡ್ ಇಳಿಯುತ್ತಿತ್ತು. ಇದು ಸರಾಸರಿ ಮಾತ್ರ. ಒಬ್ಬರಿಗೆ ಒಂದೇ ಬಡಿತ ವ್ಯತ್ಯಾಸವಾಗಬಹುದು, ಇನ್ನೊಬ್ಬರಿಗೆ ಐದು ಆಗಬಹುದು. ಮುಖ್ಯವಾದದ್ದು ನಿಮ್ಮದೇ ಅಂತರ ಎಷ್ಟು ಎಂಬುದು.

ನಿನ್ನೆಯ ಜೊತೆ ಹೋಲಿಸಬೇಡಿ, ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿ

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಇದು ಲೆಕ್ಕ ತಿಳಿಸಲು ನಾವು ಮಾಡಿಕೊಂಡ ಉದಾಹರಣೆ, ಯಾರದೋ ನಿಜವಾದ ದಾಖಲೆಯಲ್ಲ. ತುಮಕೂರಿನ ಮರಳೂರಿನಲ್ಲಿರುವ 29 ವರ್ಷದ ಮಹಿಳೆ, ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, 28 ದಿನಗಳ ಚಕ್ರ ಎಂದುಕೊಳ್ಳಿ. ರಾತ್ರಿ ಮಲಗುವಾಗಲೂ ವಾಚ್ ಕಟ್ಟಿಕೊಂಡಿರುತ್ತಾರೆ.

ಜನವರಿಯ ಚಕ್ರದ 24ನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ನಾಡಿ 69, ಎಚ್‌ಆರ್‌ವಿ 37. ಎರಡು ವಾರದ ಹಿಂದೆ 64 ಮತ್ತು 46 ಇತ್ತು. ಅವೆರಡನ್ನೇ ಪಕ್ಕದಲ್ಲಿಟ್ಟು ನೋಡಿದರೆ ಭಯವಾಗುವುದು ಸಹಜ. ಆದರೆ ಎರಡು ವಾರದ ಹಿಂದಿನ ದಿನ ಚಕ್ರದ ಮೊದಲ ಭಾಗಕ್ಕೆ ಸೇರಿದ್ದು. ಮಳೆಗಾಲದ ಕೆರೆಯ ನೀರನ್ನು ಬೇಸಿಗೆಯ ನೀರಿನ ಜೊತೆ ಹೋಲಿಸಿದಂತಾಯಿತು.

ಅವರು ಮಾಡಬೇಕಾದ ಲೆಕ್ಕ ಸುಲಭ. ಪ್ರತಿ ಚಕ್ರದಲ್ಲಿ ಎರಡೇ ಸಂಖ್ಯೆ ಬರೆದುಕೊಂಡರೆ ಸಾಕು. ಮುಟ್ಟಿನ 3ನೇ ದಿನದಿಂದ 9ನೇ ದಿನದವರೆಗಿನ ಏಳು ರಾತ್ರಿಗಳ ಸರಾಸರಿ ಒಂದು. ಇದನ್ನು ‘ಕೆಳಗಿನ ಮಟ್ಟ’ ಎನ್ನೋಣ. ಮುಂದಿನ ಮುಟ್ಟಿಗೆ ಮುಂಚಿನ ಏಳು ರಾತ್ರಿಗಳ ಸರಾಸರಿ ಇನ್ನೊಂದು. ಇದು ‘ಮೇಲಿನ ಮಟ್ಟ’. ಮುಟ್ಟು ಬಂದ ಮೇಲೆ ಹಿಂದಕ್ಕೆ ಎಣಿಸಿ ಇದನ್ನು ಬರೆದುಕೊಳ್ಳಬೇಕು.

ಅವರ ಮೊದಲ ಮೂರು ತಿಂಗಳ ಲೆಕ್ಕ ಹೀಗಿದೆ ಎಂದುಕೊಳ್ಳಿ:

- ಜನವರಿ: ಕೆಳಗೆ 64, ಮೇಲೆ 67
- ಫೆಬ್ರುವರಿ: ಕೆಳಗೆ 64, ಮೇಲೆ 68
- ಮಾರ್ಚ್: ಕೆಳಗೆ 65, ಮೇಲೆ 68

ಈಗ ಆ 69ರ ಅರ್ಥ ಬದಲಾಯಿತು. ಅವರ ಮೇಲಿನ ಮಟ್ಟವೇ 67, 68. ಒಂದು ದಿನ 69 ಬಂದದ್ದು ಅದರ ಆಸುಪಾಸಿನಲ್ಲೇ ಇದೆ. ಮುಟ್ಟು ಬಂದ ಮೇಲೆ ಅದು ಮತ್ತೆ 64ಕ್ಕೆ ಇಳಿದಿದೆ. ಹೃದಯಕ್ಕೆ ಏನೂ ಆಗಿಲ್ಲ.

ಫೆಬ್ರುವರಿಯ ಕೆಳಗಿನ ವಾರದಲ್ಲಿ ಒಂದು ರಾತ್ರಿ ಮಾತ್ರ 75 ಬಂದಿತ್ತು ಎನ್ನಿ. ಅಂದು ಶಿವರಾತ್ರಿ, ಸಿದ್ಧಗಂಗೆಯಲ್ಲಿ ಜಾಗರಣೆ, ಬೆಳಗಿನ ಜಾವ ಸ್ವಲ್ಪ ಹೊತ್ತು ಮಲಗಿದ್ದು. ಆ ಒಂದು ರಾತ್ರಿಯನ್ನು ಸೇರಿಸಿದರೆ ಏಳು ದಿನಗಳ ಸರಾಸರಿ 64ರಿಂದ 65.6ಕ್ಕೆ ಹೋಗುತ್ತದೆ. ತಿಂಗಳ ಏರಿಳಿತವೇ ಮೂರು ನಾಲ್ಕು ಬಡಿತ ಇರುವಾಗ ಇಂಥ ಒಂದು ರಾತ್ರಿ ಅರ್ಧ ಲೆಕ್ಕವನ್ನು ಕೆಡಿಸುತ್ತದೆ. ಹೀಗಾಗಿ ಜಾಗರಣೆ, ಜ್ವರ, ರಾತ್ರಿ ಪಾಳಿ, ರಾತ್ರಿ ಬಸ್ ಪ್ರಯಾಣ, ತಡವಾಗಿ ಮಾಡಿದ ಮದುವೆ ಊಟ ಇಂಥ ದಿನಗಳ ಮುಂದೆ ಒಂದು ಗುರುತು ಹಾಕಿ, ಆ ದಿನಗಳನ್ನು ಸರಾಸರಿಯಿಂದ ಬಿಡಿ.

ಕೆಳಗಿನ ಮಟ್ಟವೇ ಮೇಲೆ ಸರಿದರೆ?

ಈ ಲೆಕ್ಕದ ನಿಜವಾದ ಉಪಯೋಗ ಇಲ್ಲಿದೆ. ಅದೇ ಮಹಿಳೆಯ ಮುಂದಿನ ಮೂರು ತಿಂಗಳು ಹೀಗಿವೆ ಎಂದುಕೊಳ್ಳೋಣ:

- ಏಪ್ರಿಲ್: ಕೆಳಗೆ 66, ಮೇಲೆ 70
- ಮೇ: ಕೆಳಗೆ 68, ಮೇಲೆ 72
- ಜೂನ್: ಕೆಳಗೆ 71, ಮೇಲೆ 74

ಮೇಲಿನ ಮತ್ತು ಕೆಳಗಿನ ಮಟ್ಟದ ನಡುವಿನ ಅಂತರ ಈಗಲೂ ಮೂರು ನಾಲ್ಕು ಬಡಿತವೇ. ಅಂದರೆ ತಿಂಗಳ ಚಕ್ರ ಎಂದಿನಂತೆ ನಡೆದಿದೆ. ಆದರೆ ಕೆಳಗಿನ ಮಟ್ಟ 64ರಿಂದ 71ಕ್ಕೆ ಬಂದಿದೆ. ಜೂನ್‌ನಲ್ಲಿ ಅವರ ಅತಿ ಕಡಿಮೆ ವಾರವೇ ಜನವರಿಯ ಅತಿ ಹೆಚ್ಚು ವಾರಕ್ಕಿಂತ ಮೇಲಿದೆ. ಇದನ್ನು ‘ಮುಟ್ಟಿಗೆ ಮುಂಚೆ ಹೀಗೆ ಆಗುತ್ತೆ ಬಿಡಿ’ ಎಂದು ತಳ್ಳಿಹಾಕುವಂತಿಲ್ಲ. ಮುಟ್ಟಿನ ಜೊತೆ ಇಳಿಯುವುದು ಹಾರ್ಮೋನಿನ ಏರಿಕೆ. ಮುಟ್ಟು ಬಂದು ಹೋದರೂ ಇಳಿಯದಿದ್ದರೆ ಕಾರಣ ಬೇರೆ ಇದೆ.

ಏಪ್ರಿಲ್, ಮೇ ತಿಂಗಳ ಸೆಕೆಗೆ ನಾಡಿ ಸ್ವಲ್ಪ ಏರುವುದುಂಟು. ದೇಹವನ್ನು ತಂಪಾಗಿಡಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ಕಳಿಸಬೇಕು, ನೀರು ಸಾಲದಿದ್ದರೆ ಇನ್ನೂ ಹೆಚ್ಚು ಬಡಿಯಬೇಕು. ಆದರೆ ಸೆಕೆಯೇ ಕಾರಣವಾಗಿದ್ದರೆ ಜೂನ್‌ನಲ್ಲಿ ಮಳೆ ಬಂದು ತಂಪಾದಾಗ ಇಳಿಯಬೇಕಿತ್ತು. ಇಲ್ಲಿ ಇನ್ನೂ ಏರಿದೆ.

ನಮ್ಮ ರಾಜ್ಯದಲ್ಲಿ ಇಂಥ ಏರಿಕೆಗೆ ಮೊದಲು ಅನುಮಾನಿಸಬೇಕಾದದ್ದು ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆಯಾದಾಗ ಪ್ರತಿ ಬಡಿತದಲ್ಲೂ ಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ಪ್ರತಿ ತಿಂಗಳೂ ರಕ್ತಸ್ರಾವ ಜಾಸ್ತಿ ಇದ್ದರೆ ಕಬ್ಬಿಣದ ಅಂಶ ಸ್ವಲ್ಪ ಸ್ವಲ್ಪವೇ ಖಾಲಿಯಾಗುತ್ತದೆ. ಅದಕ್ಕೇ ನಾಡಿಯೂ ಒಮ್ಮೆಲೇ ಹಾರದೆ ತಿಂಗಳಿಗೆ ಒಂದೆರಡು ಬಡಿತದಂತೆ ಮೇಲೆ ಸರಿಯುತ್ತದೆ. ದಿನದಿನದ ಸಂಖ್ಯೆ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ತಿಂಗಳ ಏರಿಳಿತದೊಳಗೆ ಮುಚ್ಚಿಹೋಗುತ್ತದೆ.

ಜೊತೆಗೆ ಬೇರೆ ಗುರುತುಗಳನ್ನೂ ನೋಡಿ. ಮುಟ್ಟು ಏಳು ದಿನಕ್ಕಿಂತ ಹೆಚ್ಚು ನಡೆಯುತ್ತಿದೆಯೇ? ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿದೆಯೇ? ದೊಡ್ಡ ಗಡ್ಡೆಗಳು ಹೋಗುತ್ತಿವೆಯೇ? ಹಿಂದೆ ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ಏದುಸಿರು ಬರುತ್ತಿದೆಯೇ? ಇವುಗಳಲ್ಲಿ ಯಾವುದಿದ್ದರೂ ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಇದನ್ನು ಮಾಡುತ್ತಾರೆ. ಗರ್ಭಿಣಿಯಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಥೈರಾಯ್ಡ್ ಹೆಚ್ಚು ಕೆಲಸ ಮಾಡಿದರೂ ನಾಡಿ ಹೀಗೇ ಮೇಲೆ ನಿಲ್ಲುತ್ತದೆ. ಅದನ್ನೂ ರಕ್ತಪರೀಕ್ಷೆಯೇ ಹೇಳಬೇಕು, ವಾಚ್ ಹೇಳಲಾರದು.

ಮುಟ್ಟು ಬರಬೇಕಾದ ದಿನ ದಾಟಿ, ನಾಡಿ ಮೇಲಿನ ಮಟ್ಟದಲ್ಲೇ ನಿಂತಿದ್ದರೆ ಗರ್ಭ ನಿಂತಿರಬಹುದು. ಗರ್ಭ ನಿಂತಾಗ ಪ್ರೊಜೆಸ್ಟರಾನ್ ಇಳಿಯುವುದಿಲ್ಲ, ನಾಡಿಯೂ ಇಳಿಯುವುದಿಲ್ಲ. ಇದನ್ನು ಖಚಿತಪಡಿಸಲು ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಕಿಟ್‌ನಿಂದ ಪರೀಕ್ಷೆ ಮಾಡಿಕೊಳ್ಳಬೇಕು.

ಲೆಕ್ಕ ತಪ್ಪುವುದು ಎಲ್ಲಿ?

ಮೊದಲನೆಯದು ದಿನಗಳ ಎಣಿಕೆಯಲ್ಲಿ. ಎಲ್ಲರದ್ದೂ 28 ದಿನಗಳ ಚಕ್ರವಲ್ಲ. ಚಕ್ರ ಉದ್ದವಾದಾಗ ಹೆಚ್ಚಾಗಿ ಉದ್ದವಾಗುವುದು ಮೊದಲ ಭಾಗ. ಎರಡನೆಯ ಭಾಗ ಸುಮಾರು ಎರಡು ವಾರವೇ ಇರುತ್ತದೆ. 35 ದಿನಗಳ ಚಕ್ರದವರಿಗೆ ಅಂಡಾಣು ಬಿಡುಗಡೆ 21ನೇ ದಿನದ ಸುಮಾರಿಗೆ, ನಾಡಿಯ ಏರಿಕೆ ಅದರ ನಂತರ. ಅವರು 18ನೇ ದಿನ ‘ಇನ್ನೂ ಏರಿಲ್ಲವಲ್ಲ’ ಎಂದು ಚಿಂತಿಸಬೇಕಿಲ್ಲ. ಮೇಲಿನ ಮಟ್ಟವನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಲು ಹೇಳಿದ್ದು ಇದಕ್ಕೇ.

ಎರಡನೆಯದು ಅಳತೆಯಲ್ಲಿ. ವಾಚ್ ಚರ್ಮದೊಳಕ್ಕೆ ಬೆಳಕು ಬಿಟ್ಟು ರಕ್ತದ ಹರಿವಿನ ಏರಿಳಿತ ನೋಡುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ಅಲ್ಲಾಡುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಎಚ್‌ಆರ್‌ವಿಯಲ್ಲಿ ಈ ತಪ್ಪು ಇನ್ನೂ ದೊಡ್ಡದು. ಆದ್ದರಿಂದ ನಿದ್ದೆಯಲ್ಲಿ ಅಳೆದ ಸಂಖ್ಯೆಯನ್ನೇ ನೋಡಿ. ಕಾಫಿ ಕುಡಿದು ಅಥವಾ ಮೆಟ್ಟಿಲು ಹತ್ತಿ ಬಂದು ನೋಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಎಚ್‌ಆರ್‌ವಿಯನ್ನು ಎಲ್ಲ ಕಂಪನಿಗಳೂ ಒಂದೇ ಸೂತ್ರದಿಂದ ಲೆಕ್ಕ ಹಾಕುವುದಿಲ್ಲ. ಅಕ್ಕನ ವಾಚ್‌ನಲ್ಲಿ 60, ನಿಮ್ಮದರಲ್ಲಿ 38 ಇದ್ದರೆ ನಿಮ್ಮ ಹೃದಯ ದುರ್ಬಲ ಎಂದರ್ಥವಲ್ಲ. ಹೊಸ ವಾಚ್ ಕೊಂಡ ದಿನದಿಂದ ಹೊಸ ಲೆಕ್ಕ ಶುರುಮಾಡಿ.

ವಾಚ್ ಇಲ್ಲದವರೂ ನಾಡಿಯ ಲೆಕ್ಕ ಇಡಬಹುದು. ಬೆಳಿಗ್ಗೆ ಎಚ್ಚರವಾದಾಗ ಹಾಸಿಗೆಯಿಂದ ಏಳುವ ಮುಂಚೆ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಎಣಿಸಿ. ಇಲ್ಲಿ ಒಂದು ಎಚ್ಚರಿಕೆ ಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಇದೆ. ಹಾಗೆ ಮಾಡಿದರೆ ಉತ್ತರ 64 ಬರುತ್ತದೆ, ಇಲ್ಲವೇ 68. ನಡುವಿನ ಸಂಖ್ಯೆ ಬರುವುದೇ ಇಲ್ಲ. ಮೂರು ಬಡಿತದ ವ್ಯತ್ಯಾಸ ಹುಡುಕಲು ಇದು ಆಗದು. ಪೂರ್ತಿ 60 ಸೆಕೆಂಡ್ ಎಣಿಸಬೇಕು.

ಮೂರನೆಯದು, ಈ ಏರಿಳಿತ ಎಲ್ಲರಲ್ಲೂ ಕಾಣುವುದಿಲ್ಲ. ಗರ್ಭನಿರೋಧಕ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಬಹಳ ಕಡಿಮೆ. ಪಿಸಿಓಎಸ್ ಇದ್ದು ಅಂಡಾಣು ಸರಿಯಾಗಿ ಬಿಡುಗಡೆಯಾಗದವರಲ್ಲಿ, ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರವಾದವರಲ್ಲಿ ಒಂದು ತಿಂಗಳು ಕಂಡು ಇನ್ನೊಂದು ತಿಂಗಳು ಕಾಣದಿರಬಹುದು. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನೇ ಇಳಿಸುತ್ತವೆ. ಏರಿಳಿತ ಕಾಣಲಿಲ್ಲ ಎಂದಮಾತ್ರಕ್ಕೆ ಅದು ಕಾಯಿಲೆಯಲ್ಲ.

ಗರ್ಭ ತಡೆಯಲು ಈ ಲೆಕ್ಕ ನಂಬಬಹುದೇ?

ನಂಬಬೇಡಿ. ನಾಡಿ ಏರಿದೆ ಎಂದು ಖಚಿತವಾಗಲು ಮೂರು ನಾಲ್ಕು ದಿನ ಬೇಕು. ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿರುವುದು ಅಂಡಾಣು ಬಿಡುಗಡೆಗೆ ಮುಂಚಿನ ಐದಾರು ದಿನಗಳಲ್ಲಿ. ಸಂಖ್ಯೆ ಏರಿದ್ದು ನಿಮಗೆ ಗೊತ್ತಾಗುವಷ್ಟರಲ್ಲಿ ಆ ದಿನಗಳು ಬಹುಪಾಲು ಮುಗಿದಿರುತ್ತವೆ. ಮುಂದಿನ ತಿಂಗಳು ಅದೇ ದಿನಕ್ಕೆ ಅಂಡಾಣು ಬರುತ್ತದೆ ಎಂಬ ಖಾತ್ರಿಯೂ ಇಲ್ಲ.

ಯಾವಾಗ ಲೆಕ್ಕ ಬಿಟ್ಟು ಆಸ್ಪತ್ರೆಗೆ ಹೋಗಬೇಕು?

ತಿಂಗಳ ಲೆಕ್ಕ ನಿಧಾನವಾಗಿ ಬರುವ ಬದಲಾವಣೆ ಗುರುತಿಸಲು ಮಾತ್ರ. ಎದೆನೋವು, ಕುಳಿತಲ್ಲೇ ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಲಯ ತಪ್ಪಿದಂತೆ ಹೃದಯ ಹೊಡೆದುಕೊಳ್ಳುವುದು ಇವುಗಳಿಗೆ ಮುಟ್ಟಿನ ದಿನ ಎಣಿಸುತ್ತಾ ಕೂರಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜ್ವರವಿಲ್ಲದೆ, ವಿಶ್ರಾಂತಿಯಲ್ಲಿದ್ದಾಗಲೂ ನಾಡಿ 100ಕ್ಕಿಂತ ಮೇಲೇ ನಿಂತಿದ್ದರೆ ಅದೂ ತಿಂಗಳ ಏರಿಳಿತವಲ್ಲ. ವೈದ್ಯರ ಬಳಿ ಹೋಗುವಾಗ ಚಕ್ರದ ದಿನಾಂಕ, ಕೆಳಗಿನ ಮಟ್ಟ, ಮೇಲಿನ ಮಟ್ಟ ಬರೆದ ಚೀಟಿ ತೆಗೆದುಕೊಂಡು ಹೋದರೆ ಎರಡು ನಿಮಿಷದಲ್ಲಿ ಅವರಿಗೆ ವಿಷಯ ಅರ್ಥವಾಗುತ್ತದೆ.

ಒಟ್ಟಾರೆ ಹೇಳುವುದಾದರೆ, ಮುಟ್ಟಿಗೆ ಮುಂಚಿನ ಎರಡು ವಾರಗಳಲ್ಲಿ ನಾಡಿ ಬಡಿತ ಎರಡರಿಂದ ನಾಲ್ಕರಷ್ಟು ಏರಿ, ಎಚ್‌ಆರ್‌ವಿ ಸ್ವಲ್ಪ ಇಳಿದರೆ ಅದು ಹೃದಯದ ಕಾಯಿಲೆಯ ಲಕ್ಷಣ ಎಂಬುದು ಸರಿಯಲ್ಲ. ಮುಟ್ಟು ಬಂದ ಮೇಲೆ ಅದು ಹಿಂದಕ್ಕೆ ಇಳಿಯಿತೇ ಎಂದು ನೋಡಿ. ಇಳಿದರೆ ಅದು ತಿಂಗಳ ಚಕ್ರ. ಎರಡು ಮೂರು ತಿಂಗಳು ಸತತವಾಗಿ ಕೆಳಗಿನ ಮಟ್ಟವೇ ಮೇಲೆ ಸರಿಯುತ್ತಿದ್ದರೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.